ಶೇಕಡ 25 ನೋಟ, ಶೇಕಡ 1 ಕ್ಲಿಕ್

ಕೇರಳದಲ್ಲಿ ಶಾಲೆ ತೆರೆದು ಆರನೆಯ ಕೆಲಸದ ದಿನ ತರಗತಿಯಲ್ಲಿ ಎಣಿಸಿದ ಮಕ್ಕಳ ಸಂಖ್ಯೆಯ ಆಧಾರದ ಮೇಲೆ ಆ ವರ್ಷದ ಅಧ್ಯಾಪಕ ಹುದ್ದೆಗಳು ನಿರ್ಧಾರವಾಗುತ್ತವೆ. ಆದುದರಿಂದಲೇ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ರಕ್ಷಕ-ಶಿಕ್ಷಕ ಸಂಘಗಳಿಗೆ ಏಪ್ರಿಲ್, ಮೇ ತಿಂಗಳುಗಳು ವಿಶ್ರಾಂತಿಯ ಕಾಲವಲ್ಲ. ಅಂಗನವಾಡಿಯಿಂದ ಹೊರಬರುವ ಮಕ್ಕಳ ಮನೆಗಳಿಗೆ ಅಧ್ಯಾಪಕರು ನಡೆದು ಹೋಗುವುದು ಹಿಂದಿನಿಂದಲೂ ಇರುವ ರೂಢಿ. ಮನೆಯವರ ಕೈಯಲ್ಲಿರುವ ಮೊಬೈಲಿನ ಮೂಲಕವೂ ಆ ಮನೆಗಳನ್ನು ತಲುಪಬಹುದೆಂಬ ಆಲೋಚನೆ ಈಗ ಅದಕ್ಕೆ ಸೇರಿಕೊಂಡಿದೆ. ಆಲೋಚನೆ ತಪ್ಪಲ್ಲ. ತೊಡಕು ಆರಂಭವಾಗುವುದು ಜಾಹೀರಾತು ಮುಗಿದು ಏಜೆನ್ಸಿಯ ಬಿಲ್ಲೂ ಅದಕ್ಕೆ ಲಗತ್ತಿಸಿದ ವರದಿಯೂ ಸಂಘದ ಮೇಜಿಗೆ ಬಂದಾಗ.

ಅಂಥದೊಂದು ವರದಿಯನ್ನು ಇಲ್ಲಿ ಬಿಡಿಸಿ ನೋಡಬಹುದು. ಶಾಲೆ ಕಲ್ಪಿತ, ಅಂಕಿಗಳು ಉದಾಹರಣೆಗಾಗಿ ಕಟ್ಟಿದವು. ಆದರೆ ವರದಿಯಲ್ಲಿರುವ ಪದಗಳೂ ಅವುಗಳ ಅರ್ಥಗಳೂ ನಿಜವಾದ ಬಿಲ್ಲುಗಳಲ್ಲಿ ಬರುವಂಥವೇ.

ಶಾಲೆ ಒಂದು ಹೊಳೆಯ ದಡದಲ್ಲಿದೆ. ಹೊಳೆಯ ಎರಡೂ ಬದಿಗಳಿಂದ ಮಕ್ಕಳು ಬರುತ್ತಾರೆ. ಸಂಘವು ಹಳೆಯ ವಿದ್ಯಾರ್ಥಿಗಳಿಂದ 12,000 ರೂಪಾಯಿ ಸಂಗ್ರಹಿಸಿ, ಪೇಟೆಯ ಒಂದು ಸಣ್ಣ ಏಜೆನ್ಸಿಗೆ ಒಪ್ಪಿಸಿತು. ಏಜೆನ್ಸಿಯ ಯುವಕ ಆ ಹಣವನ್ನು ಸಮನಾಗಿ ಎರಡು ಪಾಲು ಮಾಡಿದ. 6,000 ರೂಪಾಯಿ ಯೂಟ್ಯೂಬಿನಲ್ಲಿ ಇತರ ವೀಡಿಯೊಗಳ ಮೊದಲು ಬರುವ 40 ಸೆಕೆಂಡಿನ ಜಾಹೀರಾತಿಗೆ. ಉಳಿದ 6,000 ಫೇಸ್‌ಬುಕ್ಕಿನಲ್ಲಿ, ಒತ್ತಿದರೆ ಶಾಲೆಯ ಪುಟ ತೆರೆಯುವ ಚಿತ್ರ-ಜಾಹೀರಾತಿಗೆ. ಮೂರು ವಾರ ಕಳೆದ ಮೇಲೆ ಬಂದ ವರದಿಯ ಮೊದಲ ಪುಟದಲ್ಲಿ ದಪ್ಪ ಅಕ್ಷರಗಳಲ್ಲಿ ಎರಡೇ ಅಂಕಿಗಳಿದ್ದವು: ವೀಡಿಯೊಗೆ ಶೇಕಡ 25, ಚಿತ್ರಕ್ಕೆ ಶೇಕಡ 1.

“ವೀಡಿಯೊ ಇಪ್ಪತ್ತೈದು ಪಟ್ಟು ಚೆನ್ನಾಗಿ ಕೆಲಸ ಮಾಡಿದೆ ಮಾಷ್ಟ್ರೇ, ಬರುವ ವರ್ಷ ಪೂರ್ತಿ ಹಣವನ್ನು ಅದಕ್ಕೇ ಹಾಕುವ,” ಎಂದು ಯುವಕ ಹೇಳಿದ. ಸಂಘದ ಖಜಾಂಚಿ ನಿವೃತ್ತ ಗಣಿತ ಅಧ್ಯಾಪಕರು. ಅವರು ಕೇಳಿದ್ದು ಒಂದೇ ಮಾತು: “ಯಾವುದರಲ್ಲಿ ಶೇಕಡ ಇಪ್ಪತ್ತೈದು?”

ಆ ಪ್ರಶ್ನೆಯಲ್ಲಿಯೇ ಎಲ್ಲವೂ ಅಡಗಿದೆ. ಜಾಹೀರಾತು ಒಂದು ಮೊಬೈಲಿನ ಪರದೆಯ ಮೇಲೆ ಒಮ್ಮೆ ಕಾಣಿಸಿಕೊಂಡರೆ ಅದನ್ನು ಇಂಪ್ರೆಷನ್, ಅಂದರೆ ಒಂದು ತೋರಿಕೆ, ಎಂದು ಎಣಿಸುತ್ತಾರೆ. ನೋಡುವವರು ಬಿಟ್ಟು ಮುಂದೆ ಹೋಗಬಹುದಾದ ಯೂಟ್ಯೂಬ್ ಜಾಹೀರಾತಿನಲ್ಲಿ ಐದು ಸೆಕೆಂಡು ಕಳೆದ ಕೂಡಲೇ ‘ಸ್ಕಿಪ್’ ಗುಂಡಿ ಬರುತ್ತದೆ. ಅದನ್ನು ಒತ್ತದೆ 30 ಸೆಕೆಂಡು ನೋಡಿದರೆ, ಜಾಹೀರಾತು ಅದಕ್ಕಿಂತ ಚಿಕ್ಕದಾಗಿದ್ದಲ್ಲಿ ಪೂರ್ತಿ ನೋಡಿದರೆ, ಇಲ್ಲವೇ ಜಾಹೀರಾತನ್ನು ಒತ್ತಿದರೆ, ಆಗ ಮಾತ್ರ ಅದು ಒಂದು ‘ವ್ಯೂ’. ಈ ಶಾಲೆಯ ವೀಡಿಯೊ 60,000 ಬಾರಿ ತೋರಿತು. ಅದರಲ್ಲಿ 15,000 ವ್ಯೂ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಶೇಕಡ 25. ಇದನ್ನೇ ವ್ಯೂ-ಥ್ರೂ ರೇಟ್ ಎನ್ನುತ್ತಾರೆ. ಕೆಲವು ವರದಿಗಳಲ್ಲಿ ಬರೇ ವ್ಯೂ ರೇಟ್ ಎಂದಿರುತ್ತದೆ. ಚಿತ್ರ-ಜಾಹೀರಾತು 40,000 ಬಾರಿ ತೋರಿ, 400 ಬಾರಿ ಒತ್ತಲ್ಪಟ್ಟಿತು. ಅದು ಶೇಕಡ 1 ಕ್ಲಿಕ್.

ಒಂದು, ಕೈ ಆಡಿಸದೆ ಸುಮ್ಮನೆ ಇದ್ದರೂ ದಾಖಲಾಗುವ ಅಂಕಿ. ಅಡುಗೆಮನೆಯ ಗೂಡಿನಲ್ಲಿಟ್ಟ ಮೊಬೈಲಿನಲ್ಲಿ ಯಕ್ಷಗಾನದ ವೀಡಿಯೊ ಆರಂಭವಾಗುವ ಮೊದಲು ಶಾಲೆಯ ಜಾಹೀರಾತು ಬಂದರೆ, ಕೈಯೆಲ್ಲ ಹಿಟ್ಟಾಗಿರುವ ಗೃಹಿಣಿ ಸ್ಕಿಪ್ ಒತ್ತುವುದಿಲ್ಲ. 30 ಸೆಕೆಂಡು ಕಳೆಯುತ್ತದೆ. ಒಂದು ವ್ಯೂ ಆಯಿತು, 40 ಪೈಸೆ ಸಂದಾಯವಾಯಿತು. ಇನ್ನೊಂದು, ಕೈ ಎತ್ತಿ ಒತ್ತಿದರೆ ಮಾತ್ರ ದಾಖಲಾಗುವ ಅಂಕಿ. ಸಭೆಗೆ ಬಂದು ಕುಳಿತವರ ಸಂಖ್ಯೆಯನ್ನೂ ಎದ್ದು ನಿಂತು ಪ್ರಶ್ನೆ ಕೇಳಿದವರ ಸಂಖ್ಯೆಯನ್ನೂ ಎದುರುಬದುರಿಟ್ಟು ಇಷ್ಟು ಪಟ್ಟು ಎನ್ನುವುದು ಗಣಿತವಲ್ಲ. ಅದೂ ಅಲ್ಲದೆ, ‘ವ್ಯೂ’ ಎಂಬ ಪದಕ್ಕೆ ಎಲ್ಲೆಡೆಯೂ ಒಂದೇ ವ್ಯಾಖ್ಯೆಯಿಲ್ಲ. ಯೂಟ್ಯೂಬಿನ ಈ ಬಗೆಯ ಜಾಹೀರಾತಿನಲ್ಲಿ 30 ಸೆಕೆಂಡು ಬೇಕಾದರೆ, ಫೇಸ್‌ಬುಕ್ ಬಹುಕಾಲ 3 ಸೆಕೆಂಡಿನ ನೋಟವನ್ನು ವ್ಯೂ ಎಂದು ಎಣಿಸುತ್ತಿತ್ತು. ಒಂದೇ ವೀಡಿಯೊವನ್ನು ಎರಡೂ ಕಡೆ ಹಾಕಿ ವ್ಯೂಗಳನ್ನು ಹೋಲಿಸಿದರೆ ಗೆಲ್ಲುವುದು ವೀಡಿಯೊ ಅಲ್ಲ, ವ್ಯಾಖ್ಯೆ.

ಮಾಸ್ತರರು ವರದಿಯ ಎರಡನೆಯ ಪುಟಕ್ಕೆ ತಿರುಗಿದರು. ಅಲ್ಲಿ ನೋಡಿದ ಒಟ್ಟು ಸಮಯ, ಅಂದರೆ ವಾಚ್ ಟೈಮ್, 225 ಗಂಟೆ ಎಂದಿತ್ತು. ಕೆಳಗೆ ಯುವಕನೇ ಸೇರಿಸಿದ ಒಂದು ಸಾಲು: ಸರಾಸರಿ ನೋಟ 54 ಸೆಕೆಂಡು. ಮಾಸ್ತರರು ಕನ್ನಡಕ ತೆಗೆದು, “ವೀಡಿಯೊ ಎಷ್ಟು ಉದ್ದ ಇತ್ತು?” ಎಂದು ಕೇಳಿದರು. ನಲವತ್ತು ಸೆಕೆಂಡಿನ ವೀಡಿಯೊವನ್ನು ಸರಾಸರಿ ಐವತ್ತನಾಲ್ಕು ಸೆಕೆಂಡು ನೋಡುವ ಬಗೆ ಹೇಗೆಂದು ಸಭೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ತಪ್ಪು ಭಾಜಕದಲ್ಲಿತ್ತು. 225 ಗಂಟೆಯೆಂದರೆ 8,10,000 ಸೆಕೆಂಡು. ಐದಾರು ಸೆಕೆಂಡು ನೋಡಿ ಸ್ಕಿಪ್ ಒತ್ತಿದವರ ಸಮಯವೂ ಅದರೊಳಗೆ ಸೇರಿದೆ. ಹಾಗಿರುವಾಗ ಭಾಗಿಸಬೇಕಾದದ್ದು ಎಲ್ಲ 60,000 ತೋರಿಕೆಗಳಿಂದ. ಬರುವ ಉತ್ತರ ಹದಿಮೂರೂವರೆ ಸೆಕೆಂಡು. ಯುವಕ ಭಾಗಿಸಿದ್ದು 15,000 ವ್ಯೂಗಳಿಂದ. ಸ್ಕಿಪ್ ಒತ್ತಿದವರ ಸಮಯವನ್ನು ಮೇಲೆ ಇಟ್ಟುಕೊಂಡು, ಅವರ ತಲೆಗಳನ್ನು ಕೆಳಗಿನಿಂದ ತೆಗೆದುಹಾಕಿದಂತಾಯಿತು. ಇಲ್ಲಿ ಉತ್ತರವು ವೀಡಿಯೊದ ಉದ್ದವನ್ನೇ ಮೀರಿದ್ದರಿಂದ ಸಿಕ್ಕಿಬಿತ್ತು. ವೀಡಿಯೊ ಎರಡು ನಿಮಿಷದ್ದಾಗಿದ್ದರೆ ಇಂಥ ತಪ್ಪು ಯಾರ ಕಣ್ಣಿಗೂ ಬೀಳದೆ ಹೋಗುತ್ತಿತ್ತು.

ಹಳ್ಳಿಯ ಸಣ್ಣ ಏಜೆನ್ಸಿಯ ಅಜ್ಞಾನವೆಂದು ಇದನ್ನು ನಗುವಂತಿಲ್ಲ. ಇದೇ ತಪ್ಪನ್ನು ಫೇಸ್‌ಬುಕ್ ಮಾಡಿತ್ತು. ಒಟ್ಟು ನೋಟದ ಸಮಯವನ್ನು, 3 ಸೆಕೆಂಡು ದಾಟಿದ ನೋಟಗಳ ಸಂಖ್ಯೆಯಿಂದ ಮಾತ್ರ ಭಾಗಿಸಿ ಸರಾಸರಿ ಎಂದು ಜಾಹೀರಾತುದಾರರಿಗೆ ತೋರಿಸುತ್ತಿದ್ದ ವಿಷಯ 2016ರ ಸೆಪ್ಟೆಂಬರಿನಲ್ಲಿ ಬಹಿರಂಗವಾಯಿತು. ಸರಾಸರಿ ಶೇಕಡ 60ರಿಂದ 80ರಷ್ಟು ಹೆಚ್ಚಾಗಿ ಕಂಡಿರಬಹುದೆಂದು ಆ ಕಂಪನಿ ಒಂದು ದೊಡ್ಡ ಜಾಹೀರಾತು ಸಂಸ್ಥೆಗೆ ತಿಳಿಸಿತ್ತು. ಸಣ್ಣ ಜಾಹೀರಾತುದಾರರು ಕ್ಯಾಲಿಫೋರ್ನಿಯದ ಫೆಡರಲ್ ನ್ಯಾಯಾಲಯದಲ್ಲಿ ಸಾಮೂಹಿಕ ದಾವೆ ಹೂಡಿದರು. ಏರಿಕೆ ಶೇಕಡ 150ರಿಂದ 900ರವರೆಗೂ ಇತ್ತೆಂಬುದು ಅವರ ವಾದ. ಹಣ ವಸೂಲಿಗೂ ಈ ಸರಾಸರಿಗೂ ಸಂಬಂಧವಿಲ್ಲವೆಂಬುದು ಪ್ರತಿವಾದಿಯ ನಿಲುವು. 2019ರಲ್ಲಿ, ತಪ್ಪೊಪ್ಪಿಗೆಯಿಲ್ಲದೆ, 4 ಕೋಟಿ ಡಾಲರಿಗೆ ರಾಜಿಯಾಯಿತು. ಬಿಲ್ಲಿನ ಮೊತ್ತ ಸರಿಯಿದ್ದಿರಬಹುದು. ಆದರೆ ಮುಂದಿನ ವರ್ಷ ಹಣವನ್ನು ಎಲ್ಲಿ ಹಾಕಬೇಕೆಂಬ ನಿರ್ಧಾರ ತಪ್ಪಿದರೆ ಅದೂ ನಷ್ಟವೇ ಎಂಬುದು ಫಿರ್ಯಾದಿಗಳ ಮಾತಿನ ಸಾರ. ಕಾನೂನಿನ ಕಣ್ಣಿಗೆ ಅದು ತೀರ ಹಗುರವಾದ ವಾದವೂ ಅಲ್ಲ.

ಹದಿಮೂರೂವರೆ ಸೆಕೆಂಡು ಎಂಬ ಸರಿಯಾದ ಸರಾಸರಿಯೂ ಹೆಚ್ಚೇನನ್ನೂ ಹೇಳುವುದಿಲ್ಲ. ಏಕೆಂದರೆ ಹದಿಮೂರೂವರೆ ಸೆಕೆಂಡು ನೋಡಿದವರು ಬಹುಶಃ ಇಲ್ಲವೇ ಇಲ್ಲ. 45,000 ತೋರಿಕೆಗಳು ಸ್ಕಿಪ್ ಗುಂಡಿ ಬಂದೊಡನೆ ಮುಗಿದಿವೆ; 15,000 ತೋರಿಕೆಗಳು 30 ಸೆಕೆಂಡು ದಾಟಿವೆ. ಒಂದು ಕೈ ಬಿಸಿನೀರಿನಲ್ಲಿ, ಇನ್ನೊಂದು ತಣ್ಣೀರಿನಲ್ಲಿ, ಸರಾಸರಿ ಉಗುರುಬೆಚ್ಚಗೆ. ಆದ್ದರಿಂದ ಸರಾಸರಿಗಿಂತ, ವೀಡಿಯೊದ ಕಾಲು, ಅರ್ಧ, ಮುಕ್ಕಾಲು ಮತ್ತು ಕೊನೆಯವರೆಗೆ ಎಷ್ಟು ತೋರಿಕೆಗಳು ಉಳಿದವು ಎಂಬ ನಾಲ್ಕು ಅಂಕಿಗಳನ್ನು ಕೇಳಿ ಪಡೆಯುವುದು ಲೇಸು. ಯೂಟ್ಯೂಬ್ ಖಾತೆಯಲ್ಲಿ ಅವು ಸಿದ್ಧವಾಗಿಯೇ ಇರುತ್ತವೆ.

ಅವನ್ನು ವೀಡಿಯೊದ ಪಕ್ಕದಲ್ಲಿಟ್ಟು ನೋಡಿದಾಗ ಮುಖ್ಯೋಪಾಧ್ಯಾಯಿನಿಯವರಿಗೆ ಒಂದು ಸಂಗತಿ ಕಂಡಿತು. ವೀಡಿಯೊ ಆರಂಭವಾಗುವುದು ಮಂಜಿನ ಗುಡ್ಡ, ಅಡಿಕೆ ತೋಟ, ಕೊಳಲಿನ ನಾದದಿಂದ. ಶಾಲೆಯ ಹೆಸರು ಬರುವುದು 28ನೆಯ ಸೆಕೆಂಡಿನಲ್ಲಿ. ಮುಕ್ಕಾಲು ಪಾಲು ತೋರಿಕೆಗಳಲ್ಲಿ ಶಾಲೆಯ ಹೆಸರು ಕಾಣಿಸಿಯೇ ಇಲ್ಲ. ವ್ಯೂ ಒಂದಕ್ಕೆ ಇಷ್ಟು ಎಂಬ ಕರಾರಿನಲ್ಲಿ ಸ್ಕಿಪ್ ಒತ್ತಿದವರ ನೋಟಕ್ಕೆ ಹಣವಿಲ್ಲ. ಅಂದರೆ 45,000 ಬಾರಿ ಐದು ಐದು ಸೆಕೆಂಡು ಶಾಲೆಗೆ ಪುಕ್ಕಟೆಯಾಗಿ ಸಿಕ್ಕಿತ್ತು. ಅದನ್ನು ಅಡಿಕೆ ತೋಟಕ್ಕೆ ಕೊಟ್ಟಾಯಿತು. ಮೊದಲ ಐದು ಸೆಕೆಂಡಿನಲ್ಲಿಯೇ “ಒಂದನೇ ತರಗತಿಗೆ ಸೇರುವ ಮಗು ನಿಮ್ಮ ಮನೆಯಲ್ಲಿದೆಯೇ?” ಎಂದು ಕೇಳಿ ಶಾಲೆಯ ಹೆಸರು ಹೇಳಿದ್ದರೆ, ಅಂಥ ಮಗುವಿಲ್ಲದವರು ಬೇಗ ಸ್ಕಿಪ್ ಒತ್ತುತ್ತಿದ್ದರು, ವ್ಯೂ ರೇಟ್ ಶೇಕಡ 25ರಿಂದ ಕೆಳಗಿಳಿಯುತ್ತಿತ್ತು, ಶಾಲೆಯ ಹಣವೂ ಉಳಿಯುತ್ತಿತ್ತು. ಈ ದರ ಇಳಿಯುವುದು ಕೆಲವೊಮ್ಮೆ ಜಾಹೀರಾತು ಸುಧಾರಿಸಿದ ಲಕ್ಷಣ. ದರವನ್ನೇ ಗುರಿಯಾಗಿಟ್ಟುಕೊಂಡ ಏಜೆನ್ಸಿಗೆ ಇದು ರುಚಿಸದ ಮಾತು.

ಹಾಗಾದರೆ ಕ್ಲಿಕ್ಕನ್ನೇ ಎರಡಕ್ಕೂ ಅಳತೆಗೋಲು ಮಾಡಿಕೊಂಡರಾಯಿತಲ್ಲ ಎಂದು ಸಂಘದ ಅಧ್ಯಕ್ಷರು ಸೂಚಿಸಿದರು. ಹಾಗೆ ಮಾಡಿದರೆ ತಕ್ಕಡಿ ಎದುರು ಬದಿಗೆ ವಾಲುತ್ತದೆ. ವೀಡಿಯೊವನ್ನು ಒತ್ತಿದವರು 60 ಮಂದಿ, ತಲಾ 100 ರೂಪಾಯಿ ಬಿತ್ತು. ಚಿತ್ರದಲ್ಲಿ ಒಂದು ಕ್ಲಿಕ್ಕಿಗೆ 15 ರೂಪಾಯಿ. ಆದರೆ ವೀಡಿಯೊ ನೋಡುವವರು ಮತ್ತೊಂದನ್ನು ನೋಡಲೆಂದು ಕುಳಿತವರು. ಅವರು ಆಗಲೇ ಎದ್ದು ಶಾಲೆಯ ಪುಟಕ್ಕೆ ಹೋಗುವುದಿಲ್ಲ. ನೆನಪಿನಲ್ಲಿದ್ದರೆ ಎರಡು ದಿನ ಬಿಟ್ಟು ನೆರೆಮನೆಯವರನ್ನು ವಿಚಾರಿಸುತ್ತಾರೆ, ಇಲ್ಲವೇ ಶಾಲೆಗೆ ಫೋನ್ ಮಾಡುತ್ತಾರೆ. ಇತ್ತ, ಚಿತ್ರದ ಮೇಲೆ ಬಿದ್ದ ಕ್ಲಿಕ್ಕುಗಳಲ್ಲಿ ಬೆರಳು ಜಾರಿ ಬಿದ್ದವೂ ಇರುತ್ತವೆ. ಏಜೆನ್ಸಿಯ 400 ಕ್ಲಿಕ್ಕುಗಳಿಗೆ ಎದುರಾಗಿ, ಶಾಲೆಯ ಪುಟವು ದಾಖಲಿಸಿದ ಭೇಟಿ 260. ಉಳಿದವರು ಪುಟ ತೆರೆಯುವ ಮೊದಲೇ ಹಿಂದಿರುಗಿದ್ದಾರೆ.

ಎರಡನ್ನೂ ಹೋಲಿಸಬಲ್ಲ ಮೊದಲ ಸಮಾನ ಅಂಕಿ ಪ್ರವೇಶದ ವಿಚಾರಣೆ. ವರದಿಯಲ್ಲಿ ಅದೂ ಇತ್ತು: ವೀಡಿಯೊದಿಂದ 31, ಚಿತ್ರದಿಂದ 20. ಆದರೆ 31 ಎಂಬುದು ಮೂರು ಬೇರೆ ಬೇರೆ ಅಂಕಣಗಳ ಮೊತ್ತ. ವೀಡಿಯೊವನ್ನು ಒತ್ತಿ ಬಂದವರು 6. ಒತ್ತದೆ, ಆದರೆ ಒಂದಿಷ್ಟು ಹೊತ್ತು ನೋಡಿ, ಆಮೇಲೆ ತಾವಾಗಿ ಬಂದವರು 14. ಸ್ಕಿಪ್ ಒತ್ತಿಯೂ ಆಮೇಲೆ ಬಂದವರು 11. ಕೊನೆಯದನ್ನು ವ್ಯೂ-ಥ್ರೂ ಕನ್ವರ್ಶನ್ ಎನ್ನುತ್ತಾರೆ. ಹೆಸರಿನಲ್ಲಿ ‘ವ್ಯೂ’ ಇದ್ದರೂ ಇಲ್ಲಿ ವ್ಯೂ ಆಗಿಯೇ ಇಲ್ಲ, ತೋರಿಕೆ ಮಾತ್ರ. ಮೇಲೆ ಹೇಳಿದ ವ್ಯೂ-ಥ್ರೂ ರೇಟಿಗೂ ಇದಕ್ಕೂ ಹೆಸರಿನ ನಂಟು ಬಿಟ್ಟರೆ ಬೇರೆ ನಂಟಿಲ್ಲ. ಎರಡನ್ನೂ ಒಂದೆಂದು ಓದಿ ಮೋಸಹೋದವರು ಬಹಳ. ಇವುಗಳಿಗೆ ಕಾಲಮಿತಿಯೂ ಉಂಟು. ಗೂಗಲಿನ ಸಾಮಾನ್ಯ ಏರ್ಪಾಡಿನಲ್ಲಿ ಕ್ಲಿಕ್ ಮಾಡಿದವರು 30 ದಿನದೊಳಗೆ, ಒಂದಿಷ್ಟು ನೋಡಿದವರು 3 ದಿನದೊಳಗೆ, ಬರೇ ತೋರಿಕೆ ಕಂಡವರು 1 ದಿನದೊಳಗೆ ಬಂದರೆ ಜಾಹೀರಾತಿನ ಖಾತೆಗೆ ಜಮೆ. ಈ ಮಿತಿಯನ್ನು ಖಾತೆ ನಡೆಸುವವರು ಬದಲಾಯಿಸಬಹುದು. ಮಿತಿ ಹಿಗ್ಗಿದಷ್ಟೂ, ಹೇಗಿದ್ದರೂ ಬರುತ್ತಿದ್ದವರು ಹೆಚ್ಚಾಗಿ ಒಳಗೆ ಸೇರುತ್ತಾರೆ. ಅಣ್ಣನೋ ಅಕ್ಕನೋ ಈಗಾಗಲೇ ಆ ಶಾಲೆಯಲ್ಲಿ ಓದುತ್ತಿದ್ದರೆ ತಾಯಿ ತಮ್ಮನನ್ನು ಸೇರಿಸಲು ಬರುವುದು ಜಾಹೀರಾತಿನಿಂದಲ್ಲ; ಹಿಂದಿನ ದಿನ ಅವಳ ಮೊಬೈಲಿನಲ್ಲಿ ಅದು ಐದು ಸೆಕೆಂಡು ಮಿನುಗಿತ್ತು, ಅಷ್ಟೆ.

ಮಾಸ್ತರರು ಕಚೇರಿಯಿಂದ ವಿಚಾರಣೆಯ ದಾಖಲೆ ಪುಸ್ತಕ ತರಿಸಿದರು. ಮೂರು ವಾರಗಳಲ್ಲಿ ನೇರವಾಗಿ, ಫೋನಿನಲ್ಲಿ, ಪುಟದ ಮೂಲಕ ವಿಚಾರಿಸಿದ ಮನೆಗಳು ಒಟ್ಟು 38. ವರದಿಯಂತೆ 31 ಮತ್ತು 20 ಕೂಡಿದರೆ 51. ಎರಡು ಕಂಪನಿಗಳ ಲೆಕ್ಕಪುಸ್ತಕಗಳು ಒಂದರ ಮುಖ ಒಂದು ನೋಡುವುದಿಲ್ಲ. ವೀಡಿಯೊ ನೋಡಿ, ಮರುದಿನ ಚಿತ್ರವನ್ನೂ ಒತ್ತಿ ಬಂದ ಮನೆಯನ್ನು ಇಬ್ಬರೂ ತಮ್ಮದೆಂದು ಬರೆದುಕೊಳ್ಳುತ್ತಾರೆ.

ಪುಸ್ತಕದಲ್ಲಿ ಊರಿನ ಹೆಸರೂ ಇದ್ದುದು ಉಪಕಾರವಾಯಿತು. ಖಾತೆಯನ್ನು ತೆರೆದು ನೋಡುವಾಗ, ವೀಡಿಯೊವನ್ನು ಹೊಳೆಯ ಈಚೆಗಿನ ಪಿನ್‌ಕೋಡುಗಳಿಗೆ ಮಾತ್ರ ಬಿಟ್ಟದ್ದು ತಿಳಿಯಿತು. ಆಚೆಯ ಬದಿಯನ್ನು ಸೇರಿಸಲು ಯುವಕ ಮರೆತಿದ್ದ. ಚಿತ್ರ-ಜಾಹೀರಾತು ಎರಡೂ ಬದಿಗೆ ಹೋಗಿತ್ತು. ಸಭೆಯಲ್ಲಿ ಒಬ್ಬಿಬ್ಬರು ರೇಗಿದರು. ಮಾಸ್ತರರಿಗೆ ಮಾತ್ರ ಅದು ಅದೃಷ್ಟವೆನಿಸಿತು, ಏಕೆಂದರೆ ಅರಿವಿಲ್ಲದೆಯೇ ಒಂದು ಪರೀಕ್ಷೆ ನಡೆದುಹೋಗಿತ್ತು. ಯಾವ ಜಾಹೀರಾತೂ ಇಲ್ಲದ ಹಿಂದಿನ ವರ್ಷ ಇದೇ ಮೂರು ವಾರಗಳಲ್ಲಿ ಎರಡೂ ಬದಿಗಳಿಂದ ಹನ್ನೆರಡು ಹನ್ನೆರಡು ಮನೆಯವರು ವಿಚಾರಿಸಿದ್ದರು. ಈ ವರ್ಷ ಈಚೆಯಿಂದ 19, ಆಚೆಯಿಂದ 14, ದೂರದ ಊರುಗಳಿಂದ 5.

ವೀಡಿಯೊ ಇಲ್ಲದ ಬದಿಯಲ್ಲಿಯೂ ಎರಡು ಹೆಚ್ಚಿದೆ. ಅದನ್ನು ಚಿತ್ರಕ್ಕೇ ಕೊಟ್ಟರೂ, ಎರಡೂ ಬದಿ ಸೇರಿ ನಾಲ್ಕು. ವೀಡಿಯೊ ಇದ್ದ ಬದಿಯಲ್ಲಿ ಏಳು ಹೆಚ್ಚಿದೆ. ಅದರಲ್ಲಿ ಎರಡನ್ನು ಚಿತ್ರದ ಪಾಲಿಗೆ ಬಿಟ್ಟರೆ ಉಳಿದದ್ದು ಐದು. ಹೊಸ ವಿಚಾರಣೆಯೊಂದಕ್ಕೆ ವೀಡಿಯೊದಲ್ಲಿ 1,200 ರೂಪಾಯಿ, ಚಿತ್ರದಲ್ಲಿ 1,500. ಇಪ್ಪತ್ತೈದು ಪಟ್ಟು ಎಂಬುದು ಎಲ್ಲಿಯೋ ಕರಗಿಹೋಗಿತ್ತು.

ಈ ಐದು, ನಾಲ್ಕು ಎಂಬವನ್ನೂ ಕಲ್ಲಿನಲ್ಲಿ ಕೊರೆಯುವಂತಿಲ್ಲ. ಹನ್ನೆರಡು, ಹದಿನಾಲ್ಕರಷ್ಟು ಸಣ್ಣ ಸಂಖ್ಯೆಗಳು ಯಾವ ಕಾರಣವೂ ಇಲ್ಲದೆ ವರ್ಷದಿಂದ ವರ್ಷಕ್ಕೆ ಮೂರು ನಾಲ್ಕು ಏರುತ್ತವೆ, ಇಳಿಯುತ್ತವೆ. ಮೊಬೈಲ್ ಇರುವ ಜಾಗವನ್ನು ಕಂಪನಿ ಊಹಿಸುವುದೂ ಒಂದೆರಡು ಕಿಲೋಮೀಟರ್ ತಪ್ಪಬಹುದು. ಸೇತುವೆ ದಾಟಿ ಬಂದವರಿಗೂ ವೀಡಿಯೊ ಕಂಡಿರಬಹುದು. ವೀಡಿಯೊ ತಂದದ್ದು ಸೊನ್ನೆಯೂ ಇರಬಹುದು, ಹತ್ತನ್ನು ಮೀರಿಯೂ ಇರಬಹುದು. ಎರಡು ಜಾಹೀರಾತುಗಳಲ್ಲಿ ಯಾವುದು ಮೇಲು ಎಂದು ಈ ಪುಸ್ತಕ ಹೇಳಲಾರದು. ಆದರೆ 31 ಅಲ್ಲ ಎಂದು ಮಾತ್ರ ಖಚಿತವಾಗಿ ಹೇಳುತ್ತದೆ. ಈಚೆಯ ಬದಿಯಿಂದಲೂ ದೂರದಿಂದಲೂ ಬಂದವರೆಲ್ಲರನ್ನು ಸೇರಿಸಿದರೂ ಇರುವುದು 24 ಮನೆ. ಕಾರಣವೂ ಆಮೇಲೆ ಸಿಕ್ಕಿತು. ಪ್ರವೇಶದ ಅರ್ಜಿಯಿರುವ ಪುಟ ತೆರೆದೊಡನೆ ಒಂದು ವಿಚಾರಣೆ ಎಂದು ಎಣಿಸುವಂತೆ ಖಾತೆಯಲ್ಲಿ ಏರ್ಪಾಡಾಗಿತ್ತು. ಎಣಿಸಬೇಕಾದದ್ದು ಅರ್ಜಿ ತುಂಬಿ ‘ಸಲ್ಲಿಸು’ ಒತ್ತಿದ ಮೇಲೆ. ಪುಟ ತೆರೆದು ಮುಚ್ಚಿದವರೂ, ಎರಡು ಬಾರಿ ತೆರೆದವರೂ ಲೆಕ್ಕಕ್ಕೆ ಬಂದಿದ್ದರು.

ಬಿಲ್ಲನ್ನು ಸಂಘ ಪೂರ್ತಿಯಾಗಿ ಪಾವತಿಸಿತು. ಕರಾರಿನಲ್ಲಿ ಇದ್ದುದು ವ್ಯೂ ಒಂದಕ್ಕೆ ಇಷ್ಟು, ಕ್ಲಿಕ್ ಒಂದಕ್ಕೆ ಇಷ್ಟು ಎಂದು ಮಾತ್ರ. ಅಷ್ಟನ್ನು ಏಜೆನ್ಸಿ ಒದಗಿಸಿದೆ. ಇಲ್ಲದ ಷರತ್ತಿನ ಮೇಲೆ ಹಣ ತಡೆಹಿಡಿಯುವುದು ನ್ಯಾಯವಾಗದು. ಮುಂದಿನ ವರ್ಷದ ಕರಾರಿಗೆ ಮಾಸ್ತರರು ಸೇರಿಸಿದ ಷರತ್ತುಗಳು ಕೆಲವೇ. ಜಾಹೀರಾತು ಖಾತೆಯು ಶಾಲೆಯ ಹೆಸರಿನಲ್ಲಿದ್ದು ಏಜೆನ್ಸಿಗೆ ನಡೆಸುವ ಅಧಿಕಾರ ಮಾತ್ರ ಇರತಕ್ಕದ್ದು. ವರದಿಯ ಪ್ರತಿಯೊಂದು ಶೇಕಡದ ಪಕ್ಕದಲ್ಲಿ ಯಾವುದನ್ನು ಯಾವುದರಿಂದ ಭಾಗಿಸಲಾಗಿದೆ ಎಂದು ಬರೆಯತಕ್ಕದ್ದು. ಕ್ಲಿಕ್ಕಿನಿಂದ, ನೋಟದಿಂದ, ಬರೇ ತೋರಿಕೆಯಿಂದ ಬಂದ ವಿಚಾರಣೆಗಳನ್ನು ಕೂಡಿಸದೆ, ಕಾಲಮಿತಿ ಸಹಿತ, ಪ್ರತ್ಯೇಕವಾಗಿ ತೋರಿಸತಕ್ಕದ್ದು. ವೀಡಿಯೊವನ್ನು ಈ ಬಾರಿ ಹೊಳೆಯ ಆಚೆಯ ಬದಿಗೆ ಮಾತ್ರ ಬಿಡತಕ್ಕದ್ದು.

ಕೊನೆಯ ಷರತ್ತನ್ನು ಓದಿ ಯುವಕ, “ಈಚೆಯವರಿಗೆ ಬೇಡವಾ ಮಾಷ್ಟ್ರೇ?” ಎಂದು ಕೇಳಿದ. “ಈಚೆಯ ಹತ್ತೊಂಬತ್ತು ಈ ಬಾರಿ ವೀಡಿಯೊ ಇಲ್ಲದೆ ಎಷ್ಟಾಗುತ್ತದೆ ಎಂದು ನೋಡಬೇಕಲ್ಲ ಮಾರಾಯ,” ಎಂದು ಅವರು ಉತ್ತರಿಸಿ, ಹೊಸ ದಾಖಲೆ ಪುಸ್ತಕದಲ್ಲಿ ಎರಡು ಅಂಕಣಗಳಿಗೆ ಗೆರೆ ಎಳೆದರು: ಮನೆ ಹೊಳೆಯ ಯಾವ ಬದಿ, ಅಣ್ಣ ಅಥವಾ ಅಕ್ಕ ಈ ಶಾಲೆಯಲ್ಲಿ ಇದ್ದಾರೆಯೇ.